ವಿದೇಶದ ಹುಡುಗ ಗಿಫ್ಟ್ ಕಾರ್ಡ್ ಕೇಳಿದಾಗ ನಾವು ಪರೀಕ್ಷಿಸಿದ ರೀತಿ

ನನ್ನ ಚಿಕ್ಕಮ್ಮನ ಮಗಳು ಮೈಸೂರಿನಲ್ಲಿ ಲೆಕ್ಚರರ್. ನಲವತ್ತರ ಆಸುಪಾಸು, ಎರಡನೇ ಮದುವೆಗೆಂದು ಮ್ಯಾಟ್ರಿಮೋನಿ ಸೈಟಿನಲ್ಲಿ ಪ್ರೊಫೈಲ್ ಹಾಕಿದ್ದಳು. ಅಲ್ಲಿ ಪರಿಚಯವಾದವನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮೂಳೆ ಡಾಕ್ಟರ್, ಹೆಂಡತಿ ತೀರಿಕೊಂಡಿದ್ದಾಳೆ, ಅಪ್ಪ ಅಮ್ಮನ ಕಾಲದಲ್ಲೇ ಭಾರತ ಬಿಟ್ಟ ಕುಟುಂಬ. ವಾರದೊಳಗೆ ಮಾತು ವಾಟ್ಸ್‌ಆ್ಯಪ್‌ಗೆ ಬಂತು. ಕೆಲವು ತಿಂಗಳು ಬೆಳಿಗ್ಗೆ ಗುಡ್ ಮಾರ್ನಿಂಗ್, ರಾತ್ರಿ ಊಟ ಆಯ್ತಾ. ಆಮೇಲೆ ಒಂದು ದಿನ ನನಗೆ ಫೋನ್ ಮಾಡಿ, "ಅಕ್ಕಾ, ಆಪಲ್ ಗಿಫ್ಟ್ ಕಾರ್ಡ್ ಇಪ್ಪತ್ತು ಸಾವಿರದ್ದು ತಗೋಬೇಕು, ನನ್ನ ಕ್ರೆಡಿಟ್ ಕಾರ್ಡ್ ಲಿಮಿಟ್ ಸಾಲ್ತಿಲ್ಲ, ನಿನ್ನದರಲ್ಲಿ ಮಾಡ್ಕೊಡ್ತೀಯಾ?" ಅಂದಳು. ಅವನು ಕಾನ್ಫರೆನ್ಸ್‌ಗೆಂದು ಟರ್ಕಿಗೆ ಹೋಗಿದ್ದಾನಂತೆ, ಬ್ಯಾಂಕ್ ಕಾರ್ಡ್ ಬ್ಲಾಕ್ ಆಗಿದೆಯಂತೆ.

ನಾನು ಬ್ಯಾಂಕಿನಲ್ಲಿ ವಿದೇಶಿ ವಿನಿಮಯದ ಕೆಲಸ ನೋಡುವವಳು. ಕೇಳಿದ ಕ್ಷಣ ಅನುಮಾನ ಬಂತು. ಆದರೆ "ಅವನು ಕಳ್ಳ ಕಣೇ" ಅನ್ನಲಿಲ್ಲ. ಯಾಕೆಂದರೆ "ನಿನ್ನ ಮನೆಯವರಿಗೆ ನಮ್ಮ ಸಂಬಂಧ ಅರ್ಥ ಆಗಲ್ಲ, ಈಗಲೇ ಹೇಳಬೇಡ" ಎಂದು ಅವನು ಮೊದಲೇ ತಯಾರಿ ಮಾಡಿಟ್ಟಿದ್ದ. ನಾನು ಬೈದರೆ ಅವನು ಹೇಳಿದ್ದೇ ನಿಜವಾಗುತ್ತಿತ್ತು, ಅವಳು ನನ್ನಿಂದಲೂ ಮುಚ್ಚಿಡುತ್ತಿದ್ದಳು. "ನಿಜವಾದ ಮನುಷ್ಯ ಆದ್ರೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡೋದು ಅವನಿಗೆ ಕಷ್ಟವಲ್ಲ. ಪ್ರಶ್ನೆ ನೀನೇ ಕೇಳು, ಉತ್ತರ ಇಬ್ಬರೂ ಕೂತು ಓದೋಣ" ಅಂದೆ. ಒಪ್ಪಿದಳು.

ಅವನ ಪ್ರೀತಿ ನಿಜವೋ ಸುಳ್ಳೋ ಎಂಬ ಚರ್ಚೆಗೆ ನಾವು ಇಳಿಯಲೇ ಇಲ್ಲ. ಅದನ್ನು ಮೆಸೇಜ್ ನೋಡಿ ಯಾರೂ ಹೇಳಲಾರರು. ಈ ಕೆಲಸವನ್ನೇ ವೃತ್ತಿ ಮಾಡಿಕೊಂಡವರು ನಮ್ಮ ನಿಮ್ಮ ಗಂಡಂದಿರಿಗಿಂತ ಚೆನ್ನಾಗಿ ಬರೆಯುತ್ತಾರೆ. ನಾನು ನೋಡಿದ್ದು ಎರಡೇ ವಿಷಯ. ದುಡ್ಡು ಯಾವ ದಾರಿಯಲ್ಲಿ ಹೋಗಿ ಯಾರ ಕೈ ಸೇರುತ್ತದೆ? ಬೇರೆ ದಾರಿ ತೋರಿಸಿದರೆ ಅವನು ಏನನ್ನುತ್ತಾನೆ?

ಮೊದಲು ಗಿಫ್ಟ್ ಕಾರ್ಡ್ ತೆಗೆದುಕೊಂಡೆವು. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಸಂಗತಿ ಇದರಲ್ಲಿದೆ. ಆಪಲ್ ಕಾರ್ಡನ್ನು ಯಾವ ದೇಶದಲ್ಲಿ ಕೊಳ್ಳುತ್ತೀರೋ ಆ ದೇಶದ ಆಪಲ್ ಖಾತೆಗೆ ಮಾತ್ರ ಹಾಕಲು ಬರುತ್ತದೆ. ರೂಪಾಯಿಯಲ್ಲಿ ಕೊಂಡ ಕಾರ್ಡು ಇಂಗ್ಲೆಂಡಿನ ಖಾತೆಯಲ್ಲಿ ನಡೆಯುವುದಿಲ್ಲ. ಗೂಗಲ್ ಪ್ಲೇ ಕಾರ್ಡಿನ ಕಥೆಯೂ ಹೀಗೇ. ಅಂದಮೇಲೆ ಟರ್ಕಿಯಲ್ಲಿ ಸಿಕ್ಕಿಕೊಂಡ ಇಂಗ್ಲೆಂಡಿನ ಡಾಕ್ಟರಿಗೆ ಭಾರತದ ಕಾರ್ಡಿನಿಂದ ಹೋಟೆಲ್ ಬಿಲ್ ಕಟ್ಟಲೂ ಆಗದು, ಫೋನ್ ರೀಚಾರ್ಜ್ ಮಾಡಲೂ ಆಗದು. ಅದರ ಬೆಲೆ ಇರುವುದು ಕೋಡ್‌ನಲ್ಲಿ: X ಅಕ್ಷರದಿಂದ ಶುರುವಾಗುವ ಹದಿನಾರು ಅಕ್ಷರ-ಅಂಕಿಗಳ ಸಾಲು. ಅದರ ಫೋಟೊ ಸಿಕ್ಕರೆ ಸಾಕು, ಕಡಿಮೆ ಬೆಲೆಗೆ ಇನ್ನೊಬ್ಬರಿಗೆ ಮಾರಿ ದುಡ್ಡು ಮಾಡಿಕೊಳ್ಳಬಹುದು. ಬ್ಯಾಂಕ್ ಖಾತೆ ಬೇಡ, ಹೆಸರು ಬೇಡ, ಗುರುತಿನ ಚೀಟಿ ಬೇಡ.

ಹಾಗಂತ ಕಾರ್ಡ್ ಕೇಳಿದ ಮಾತ್ರಕ್ಕೆ ಮೋಸಗಾರ ಎಂದು ತೀರ್ಪು ಕೊಡಲಾಗದು. ನಿಜವಾದವನೂ ತಿಳಿಯದೆ ಕೇಳಿರಬಹುದು. ತಿಳಿಸಿದ ಮೇಲೆ ಏನನ್ನುತ್ತಾನೆ, ಅದು ಮುಖ್ಯ. ಅವಳು ಬರೆದಳು: "ಇಲ್ಲಿ ಕೊಂಡ ಕಾರ್ಡ್ ನಿಮ್ಮ ಅಕೌಂಟಿಗೆ ಆಗಲ್ಲವಂತೆ." ತಿಳಿಯದೆ ಕೇಳಿದವನಾದರೆ "ಹೌದಾ, ಹಾಗಾದ್ರೆ ಬಿಡು" ಅನ್ನಬೇಕಿತ್ತು. ಎರಡೇ ನಿಮಿಷದಲ್ಲಿ ಬಂದ ಉತ್ತರ: "ಪರವಾಗಿಲ್ಲ ಡಿಯರ್, ನೀನು ಕೋಡ್ ಫೋಟೊ ಕಳಿಸು, ನನ್ನ ಫ್ರೆಂಡ್ ಅಡ್ಜಸ್ಟ್ ಮಾಡ್ತಾನೆ." ಕಾರ್ಡು ತನಗೆ ಕೆಲಸಕ್ಕೆ ಬರುವುದಿಲ್ಲ ಎಂದು ಗೊತ್ತಾದ ಮೇಲೂ ಕೋಡ್ ಬೇಕು!

ಆಮೇಲೆ ಬೇರೆ ದಾರಿ ತೋರಿಸಿದೆವು. "ಕಾರ್ಡ್ ಬೇಡ, ನಮ್ಮ ಬ್ಯಾಂಕಿನಿಂದಲೇ ನಿಮ್ಮ ಖಾತೆಗೆ ಕಳಿಸ್ತೀನಿ, ಐಬಾನ್ ನಂಬರ್ ಕೊಡಿ" ಎಂದು ಅವಳಿಂದ ಬರೆಸಿದೆ. ಐಬಾನ್ ಅಂದರೆ ದೇಶದ ಎರಡಕ್ಷರದಿಂದ ಶುರುವಾಗುವ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ. ಭಾರತದಲ್ಲಿ ವಾಸವಿರುವವರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಪ್ಯಾನ್ ಬೇಕು, ಎ2 ಫಾರ್ಮ್‌ನಲ್ಲಿ ಯಾಕೆ ಕಳಿಸುತ್ತಿದ್ದೀರಿ ಎಂದು ಬರೆಯಬೇಕು, ಪಡೆಯುವವನ ಹೆಸರು ಮತ್ತು ಖಾತೆ ಬೇಕು. ಒಂದೆರಡು ದಿನದ ಕೆಲಸ. ಇಂಗ್ಲೆಂಡಿನಲ್ಲಿ ಸಂಬಳ ತೆಗೆದುಕೊಳ್ಳುವ ಡಾಕ್ಟರಿಗೆ GB ಎಂದು ಶುರುವಾಗುವ ಐಬಾನ್ ಇರಲೇಬೇಕು. ಖಾತೆಯ ಕಾರ್ಡು ಬ್ಲಾಕ್ ಆದರೂ ಖಾತೆಗೆ ದುಡ್ಡು ಬೀಳುವುದಕ್ಕೆ ತೊಂದರೆಯಿಲ್ಲ.

ಬಂದದ್ದು ಐಬಾನ್ ಅಲ್ಲ. ಭಾರತದ್ದೇ ಒಂದು ಬ್ಯಾಂಕಿನ ಉಳಿತಾಯ ಖಾತೆ ನಂಬರ್, ಐಎಫ್‌ಎಸ್‌ಸಿ ಸಮೇತ. ಐಎಫ್‌ಎಸ್‌ಸಿ ಹಾಕಿ ನೋಡಿದರೆ ಉತ್ತರ ಭಾರತದ ಒಂದು ಸಣ್ಣ ಊರಿನ ಶಾಖೆ. ಖಾತೆದಾರರ ಹೆಸರು ಯಾವುದೋ ಹೆಣ್ಣುಮಗಳದು. ನೆಫ್ಟ್, ಆರ್‌ಟಿಜಿಎಸ್ ಮಾಡುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಯುಪಿಐನಲ್ಲಂತೂ ಮೊದಲಿಂದ ಇದೆ. ಆದ್ದರಿಂದ ದುಡ್ಡು ಕಳಿಸದೆಯೂ ಇಷ್ಟು ತಿಳಿಯುತ್ತದೆ. ಕೇಳಿದ್ದಕ್ಕೆ "ಅದು ನನ್ನ ಇಂಡಿಯಾ ಅಕೌಂಟೆಂಟ್" ಅಂದ. ಟರ್ಕಿಯಲ್ಲಿ ಹಸಿದವನಿಗೆ ಕೊಡುವ ದುಡ್ಡು ಭಾರತದಲ್ಲೇ ಇನ್ನೊಬ್ಬರ ಖಾತೆಗೆ ಹೋಗಬೇಕು. ನನ್ನ ಮಟ್ಟಿಗೆ ವಿಚಾರಣೆ ಇಲ್ಲಿಗೇ ಮುಗಿದಿತ್ತು. ಆ ಖಾತೆದಾರಳಿಗೂ ಬಹುಶಃ ಇದೇನೂ ಗೊತ್ತಿರಲಿಕ್ಕಿಲ್ಲ. ಇಂತಿಷ್ಟು ಕಮಿಷನ್ ಎಂದು ಬಡವರ ಖಾತೆಗಳನ್ನು ಬಾಡಿಗೆಗೆ ಪಡೆಯುವುದು ಈ ದಂಧೆಯಲ್ಲಿ ಮಾಮೂಲು.

ಅವಳಿಗೆ ಮಾತ್ರ ಮುಗಿದಿರಲಿಲ್ಲ. "ಅಕ್ಕಾ, ಅವರು ಡಾಕ್ಟರ್ ಅನ್ನೋದು ನಿಜ, ನೋಡು" ಎಂದು ಫೋನ್ ತೋರಿಸಿದಳು. ಬ್ರಿಟನ್ನಿನಲ್ಲಿ ವೈದ್ಯರ ನೋಂದಣಿ ಮಾಡುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನಿನಲ್ಲಿ ನೋಡಬಹುದು. ಅವನು ಹೇಳಿದ ಹೆಸರಿನ ಡಾಕ್ಟರ್ ಅದರಲ್ಲಿ ನಿಜಕ್ಕೂ ಇದ್ದರು, ಏಳಂಕಿಯ ನೋಂದಣಿ ಸಂಖ್ಯೆ ಸಮೇತ. ಅವಳ ಮುಖ ಅರಳಿತ್ತು.

ಎಷ್ಟೋ ಜನ ಎಡವುವುದು ಇಲ್ಲೇ. ಪಟ್ಟಿಯಲ್ಲಿ ಹೆಸರಿದೆ ಅಂದರೆ ಆ ಹೆಸರಿನ ಡಾಕ್ಟರ್ ಒಬ್ಬರು ಇದ್ದಾರೆ ಎಂದಷ್ಟೇ ಅರ್ಥ. ವಾಟ್ಸ್‌ಆ್ಯಪ್‌ನ ಆ ಕಡೆ ಕೂತವನು ಅವರೇ ಎಂದು ಹೇಗೆ ಗೊತ್ತಾಗಬೇಕು? ಮೋಸಗಾರರು ಇರುವ ಮನುಷ್ಯರ ಹೆಸರು, ಫೋಟೊಗಳನ್ನೇ ಕದಿಯುತ್ತಾರೆ, ಹುಡುಕಿದಾಗ ಸಿಗಲಿ ಅಂತಲೇ. ಹೆಸರಿಗೂ ಮನುಷ್ಯನಿಗೂ ಗಂಟು ಹಾಕಲು ಅವನಿಂದಲೇ ಆಗುವ ಒಂದು ಕೆಲಸ ಕೇಳಬೇಕು. ಅಲ್ಲಿನ ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ಸಾಮಾನ್ಯವಾಗಿ nhs.net ಅಥವಾ nhs.uk ಎಂದು ಕೊನೆಯಾಗುವ ಇ-ಮೇಲ್ ಇರುತ್ತದೆ. ಅದರಿಂದ "ಹಲೋ" ಎಂದು ಒಂದು ಸಾಲು ಬರೆಯಿರಿ, ಇಲ್ಲವಾದರೆ ಕೆಲಸಕ್ಕೆ ವಾಪಸಾದ ಮೇಲೆ ಆಸ್ಪತ್ರೆಯ ಮುಖ್ಯ ನಂಬರಿಗೆ ಮಾಡಿದಾಗ ಲೈನಿಗೆ ಬನ್ನಿ ಎಂದು ಕೇಳಿಸಿದೆ. ಆ ನಂಬರನ್ನು ನಾವೇ ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಹುಡುಕಿಕೊಳ್ಳಬೇಕು, ಅವನು ಕೊಟ್ಟದ್ದನ್ನು ಬಳಸಬಾರದು. ಉತ್ತರವಾಗಿ ಒಂದು ಉದ್ದದ ಮೆಸೇಜ್ ಬಂತು: ನಂಬಿಕೆ ಇಲ್ಲದ ಕಡೆ ಪ್ರೀತಿ ಹೇಗೆ, ನನ್ನ ಮನಸ್ಸು ಒಡೆದೆ, ಯಾರೋ ನಿನ್ನ ತಲೆ ಕೆಡಿಸಿದ್ದಾರೆ. ಮೇಲ್ ಮಾತ್ರ ಬರಲಿಲ್ಲ. ಆ ಮೆಸೇಜನ್ನು ಅವಳು ಎರಡು ಸಲ ಓದಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ವಿಡಿಯೊ ಕಾಲ್ ಮಾಡಿ ನೋಡಿರಲಿಲ್ಲವೇ ಎಂದು ನೀವು ಕೇಳಬಹುದು. ಮಾಡಿದ್ದಳು, ಒಂದು ನಿಮಿಷ ಕೂಡ ದಾಟುತ್ತಿರಲಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದು ಕಟ್ ಆಗುತ್ತಿತ್ತು. ಮುಖ ಪೂರ್ತಿ ಪಕ್ಕಕ್ಕೆ ತಿರುಗಿಸಲು, ಮುಖದ ಮುಂದೆ ಕೈ ಆಡಿಸಲು ಹೇಳಿ ಎಂಬ ಸಲಹೆ ಇದೆ. ತಂತ್ರಾಂಶದಿಂದ ಹಚ್ಚಿದ ಕಚ್ಚಾ ನಕಲಿ ಮುಖವಾದರೆ ಆಗ ಅಂಚು ಒಡೆದು ಕಾಣುತ್ತದೆ. ಆದರೆ ನಾನು ಅದನ್ನು ನೆಚ್ಚುವುದಿಲ್ಲ. ಮುಖ ಬದಲಿಸುವ ತಂತ್ರಾಂಶ ದಿನೇ ದಿನೇ ಪಳಗುತ್ತಿದೆ. ಫೋಟೊ ಹುಡುಕಾಟವೂ ಅಷ್ಟೇ: ಗೂಗಲ್ ಲೆನ್ಸ್‌ನಲ್ಲಿ ಅದೇ ಫೋಟೊ ಬೇರೆ ಹೆಸರಲ್ಲಿ ಸಿಕ್ಕರೆ ವಿಷಯ ಇತ್ಯರ್ಥ, ಸಿಗದಿದ್ದರೆ ಏನೂ ಸಾಬೀತಾಗುವುದಿಲ್ಲ.

ನಿಜವಾದ ಸಂಬಂಧದಲ್ಲೂ ದುಡ್ಡಿನ ಮಾತು ಬರುತ್ತದೆ. ನನ್ನ ಸಹೋದ್ಯೋಗಿಯ ಮಗಳಿಗೆ ಮದುವೆ ಗೊತ್ತಾಗಿದ್ದ ಹುಡುಗ ಹಾಸನದವನು, ಜರ್ಮನಿಗೆ ಓದಲು ಹೋದವನು. ಹೋದ ಹೊಸತರಲ್ಲೇ ಅರವತ್ತು ಸಾವಿರ ಕೇಳಿದ. ಕಾರಣ ಹೀಗಿತ್ತು: ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ವರ್ಷದ ಖರ್ಚನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಅದು ತಿಂಗಳು ತಿಂಗಳು ಬಿಡುಗಡೆಯಾಗುವುದು ಅಲ್ಲಿ ಮಾಮೂಲಿ ಖಾತೆ ತೆರೆದ ಮೇಲೆ, ಅದಕ್ಕೆ ಎಷ್ಟೋ ಸಲ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಮನೆ ಮಾಲೀಕ ಡಿಪಾಸಿಟ್ ಕೇಳಿದ್ದ. ಅವಳು "ಖಾತೆ ಓಪನ್ ಆದ ಮೇಲೆ ನಿನ್ನ ಹೆಸರಿಗೇ ಕಳಿಸ್ತೀನಿ, ಅಲ್ಲಿವರೆಗೆ ತಡೆದುಕೋ" ಅಂದಳು. ಅವನು ಮಾಲೀಕನಿಂದ ಸಮಯ ಕೇಳಿಕೊಂಡು ಕಾದ. DE ಎಂದು ಶುರುವಾಗುವ ಐಬಾನ್ ಬಂತು, ಹೆಸರು ಅವನದೇ. ಅವನ ತಾಯಿಗೂ ವಿಷಯ ಗೊತ್ತಿತ್ತು. ಅರ್ಧ ದುಡ್ಡು ಅವರೇ ಹಾಕಿದರು. ಬಾಡಿಗೆ ಕರಾರಿನ ಪಿಡಿಎಫ್ ಕೂಡ ಕಳಿಸಿದ್ದ, ಆದರೆ ಪಿಡಿಎಫ್ ಯಾರು ಬೇಕಾದರೂ ಮಾಡುತ್ತಾರೆ, ನಾನು ಅದಕ್ಕೆ ಬೆಲೆ ಕೊಡಲಿಲ್ಲ. ಕಾಯಲು ಒಪ್ಪಿದ್ದು, ತನ್ನ ಹೆಸರಿನ ಖಾತೆ ಕೊಟ್ಟದ್ದು, ಮನೆಯವರಿಂದ ಮುಚ್ಚಿಡದಿದ್ದದ್ದು ಸಾಕಿತ್ತು.

ನಮ್ಮ ಡಾಕ್ಟರ್ ಕಡೆಯಿಂದ ವಾರದ ಮೇಲೆ ಇನ್ನೊಂದು ಆಟ ಬಂತು. ಕ್ಷಮಿಸು, ನಿನಗೊಂದು ಉಡುಗೊರೆ ಕಳಿಸಿದ್ದೇನೆ ಎಂದು ಮೆಸೇಜ್. ಮರುದಿನ ದೆಹಲಿ ಏರ್‌ಪೋರ್ಟ್ ಕಸ್ಟಮ್ಸ್ ಎಂದು ಹೆಂಗಸೊಬ್ಬಳ ಫೋನ್: ಪಾರ್ಸೆಲ್‌ನಲ್ಲಿ ಚಿನ್ನ, ಪೌಂಡ್ ಇದೆ, ಮೂವತ್ತೈದು ಸಾವಿರ ಕಟ್ಟದಿದ್ದರೆ ಕೇಸ್. ಕಟ್ಟಬೇಕಾದದ್ದು ಮತ್ತೊಂದು ಉಳಿತಾಯ ಖಾತೆಗೆ! ಕಸ್ಟಮ್ಸ್ ಸುಂಕ ಯಾರ ಸ್ವಂತ ಖಾತೆಗೂ ಹೋಗುವುದಿಲ್ಲ. ಇಲಾಖೆಯ ಪತ್ರಗಳಲ್ಲಿ ಡಿಐಎನ್ ಎಂಬ ಸಂಖ್ಯೆ ಇರುತ್ತದೆ, ಅದನ್ನು ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿಯಾದ ಸಿಬಿಐಸಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಈ ಸಲ ನನ್ನನ್ನು ಕೇಳದೆ ಅವಳೇ "ಡಿಐಎನ್ ನಂಬರ್ ಹೇಳಿ ಮೇಡಂ" ಅಂದಳಂತೆ. ಫೋನ್ ಇಟ್ಟರು.

ಬ್ಲಾಕ್ ಮಾಡುವ ಮೊದಲು ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ, ಎರಡೂ ಖಾತೆ ನಂಬರ್, ಫೋನ್ ನಂಬರ್‌ಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು cybercrime.gov.in ನಲ್ಲಿ ದೂರು ಹಾಕಿದೆವು. ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಗಿಫ್ಟ್ ಕಾರ್ಡ್ ಕೋಡ್ ಕೊಟ್ಟಾಗಿದ್ದರೆ ಕಾರ್ಡು, ರಸೀದಿ ಎಸೆಯದೆ ಕೂಡಲೇ ಆ ಕಂಪನಿಯ ಸಹಾಯವಾಣಿಗೆ ಹೇಳಬೇಕು. ಕೋಡ್ ಇನ್ನೂ ಬಳಕೆಯಾಗಿಲ್ಲದಿದ್ದರೆ ನಿಲ್ಲಿಸಲು ಒಂದು ಅವಕಾಶ ಇರುತ್ತದೆ, ಬಳಕೆಯಾಗಿದ್ದರೆ ವಾಪಸ್ ಬರುವುದು ಕಷ್ಟ. ಕಳೆದುಕೊಂಡವರಿಗೆ ಕೆಲ ದಿನ ಬಿಟ್ಟು "ನಾನು ಸೈಬರ್ ವಕೀಲ, ಫೀಸ್ ಕಟ್ಟಿದರೆ ದುಡ್ಡು ವಾಪಸ್ ಕೊಡಿಸ್ತೀನಿ" ಎನ್ನುವ ಮೆಸೇಜ್ ಬರುವುದೂ ಉಂಟು. ಇವಳು ಒಂದು ರೂಪಾಯಿಯೂ ಕಳೆದುಕೊಂಡಿರಲಿಲ್ಲ, ಆದರೂ ಅಂಥದ್ದೊಂದು ಬಂತು. ಆ ನಂಬರನ್ನೂ ದೂರಿನ ಜೊತೆ ಸೇರಿಸಿದೆವು.