ಪಾರ್ಸೆಲ್ ಮೇಲೆ ಬರೆಯೋಕೆ ಒಂಬತ್ತೇ ಅಂಕಿ

ಶ್ರೀನಿವಾಸಪುರದಿಂದ ಬಾದಾಮಿ, ರಸಪುರಿ ಮಾವಿನ ಹಣ್ಣನ್ನು ಬಾಕ್ಸ್ ಕಟ್ಟಿ ಊರೂರಿಗೆ ಕಳಿಸೋದು ನನ್ನ ಸೀಸನ್ ಕೆಲಸ. ವಿಳಾಸ, ಫೋನ್ ನಂಬರ್ ಎಲ್ಲ ವಾಟ್ಸಾಪ್‌ನಲ್ಲೇ ಬರುತ್ತೆ. ಪೂರ್ತಿ ಇರೋ ನಂಬರಿಗೆ ಫೋನು ತಾನೇ ಅಡಿಗೆರೆ ಹಾಕಿ, ಒತ್ತಿದರೆ ಕರೆ ಹೋಗೋ ಹಾಗೆ ಮಾಡುತ್ತೆ. ಗೆರೆ ಬಿದ್ದಿಲ್ಲ ಅಂದರೆ ನಾನು ಎಣಿಸಿ ನೋಡ್ತೀನಿ. ಹೆಚ್ಚಿನ ಸಲ ಒಂಬತ್ತೇ ಅಂಕಿ ಇರುತ್ತೆ.

ಕಳಿಸಿದವರನ್ನೇ ಕೇಳೋದು ಮೊದಲ ದಾರಿ, ನೂರಕ್ಕೆ ತೊಂಬತ್ತು ಸಲ ಅಲ್ಲಿಗೇ ಮುಗಿಯುತ್ತೆ. ಈ ಸಲ ಕಳಿಸಿದವರು ದುಬೈ ವಿಮಾನ ಹತ್ತಿಬಿಟ್ಟಿದ್ದರು. ಅವರ ಅಕ್ಕನಿಗೆ ಹೋಗಬೇಕಾದ ಬಾಕ್ಸು ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ಮೆಸೇಜಿನಲ್ಲಿ ನಂಬರನ್ನು ಎರಡು ತುಂಡಾಗಿ ಬರೆದಿದ್ದರು. ಮೊದಲ ತುಂಡಲ್ಲಿ ಐದು ಅಂಕಿ (ಅವನ್ನು ಇಲ್ಲಿ ಬರೆಯೋದಿಲ್ಲ), ಎರಡನೇದರಲ್ಲಿ 2775 ಅಂತ ನಾಲ್ಕೇ.

ನಮ್ಮಲ್ಲಿ ಮೊಬೈಲ್ ನಂಬರ್ ಅಂದರೆ ಹತ್ತಂಕಿ, ಶುರುವಾಗೋದು 6, 7, 8 ಅಥವಾ 9ರಿಂದ. ಒಂಬತ್ತಂಕಿಯ ಸಾಲು 4ರಿಂದ ಶುರುವಾಗಿದ್ದರೆ ಬಿಟ್ಟುಹೋಗಿರೋದು ಮೊದಲ ಅಂಕಿಯೇ, ಉಳಿಯೋದು ನಾಲ್ಕೇ ಸಾಧ್ಯತೆ. ಶುರು ಸರಿಯಾಗಿದ್ದು, ಎಲ್ಲಿ ಬಿಟ್ಟಿದೆ ಅಂತ ಗೊತ್ತಿಲ್ಲದಿದ್ದರೆ 85 ಬೇರೆ ಬೇರೆ ನಂಬರ್ ಆಗುತ್ತೆ. ನನಗೆ ಬಂದಿದ್ದು ಐದು-ನಾಲ್ಕಾಗಿ ಒಡೆದಿದ್ದರಿಂದ ಕೊರತೆ ಎರಡನೇ ತುಂಡಲ್ಲೇ ಇರಬೇಕು. ಹಾಗಾಗಿ 46ಕ್ಕೆ ಇಳಿಯಿತು. ಇದಕ್ಕಿಂತ ಮುಂದೆ ಲೆಕ್ಕ ನಡೆಯೋದಿಲ್ಲ. ಆಧಾರ್ ಸಂಖ್ಯೆಯ ಕೊನೇ ಅಂಕಿ ಉಳಿದ ಅಂಕಿಗಳಿಂದ ಲೆಕ್ಕ ಹಾಕಿ ಬರೋದು, ತಪ್ಪಿದ್ದರೆ ಗೊತ್ತಾಗುತ್ತೆ. ಫೋನ್ ನಂಬರಿಗೆ ಅಂಥ ತಾಳೆ ಅಂಕಿಯೇ ಇಲ್ಲ.

ಆದರೆ ಜನ ಅಂಕಿ ನುಂಗೋದು ಎಲ್ಲಿ ಅಂತ ನೋಡಿ ನೋಡಿ ಗೊತ್ತಾಗಿದೆ. "ಡಬಲ್", "ಟ್ರಿಪಲ್" ಅಂತ ಹೇಳಿಸಿಕೊಂಡು ಒತ್ತುವಾಗ ಒಂದು ಜಾರಿಹೋಗುತ್ತೆ. 2775ರಲ್ಲಿ ಅಂಥ ಜಾರಿಕೆ ಆಗಿದ್ದರೆ ಮೂಲ 22775, 27775, 27755, ಈ ಮೂರರಲ್ಲಿ ಒಂದಿರಬೇಕು. ಇದು ಅನುಮಾನ ಮಾತ್ರ. ಹಳೇ ದಾಖಲೆಯಲ್ಲಿ ಯಾವುದನ್ನು ಮೊದಲು ಹುಡುಕಬೇಕು ಅನ್ನೋದಕ್ಕೆ ಸಾಕು, ಡಯಲ್ ಮಾಡೋಕೆ ಸಾಲದು.

ನಮ್ಮ ಹುಡುಗ "ಮೂರನ್ನೂ ಯುಪಿಐ ಆ್ಯಪಲ್ಲಿ ಹಾಕಿದ್ರೆ ಹೆಸರು ಬರುತ್ತಲ್ಲಣ್ಣ" ಅಂದ. ಬರುತ್ತೆ ನಿಜ. ಆದರೆ ಮೂವರಲ್ಲಿ ಇಬ್ಬರು ನಮಗೆ ಸಂಬಂಧವೇ ಇಲ್ಲದವರು, ಅವರ ಹೆಸರು ಕೆದಕೋ ಹಕ್ಕು ನಮಗಿಲ್ಲ. ಎಲ್ಲ ನಂಬರನ್ನೂ ಸೇವ್ ಮಾಡಿಕೊಂಡು ವಾಟ್ಸಾಪ್ ಫೋಟೋ ನೋಡೋದೂ ಅದೇ ಜಾತಿಯದು. ಗುಂಪಲ್ಲಿ ಹೆಸರು ಸಮೇತ ಹಾಕಿ "ಯಾರಿಗಾದ್ರೂ ಗೊತ್ತಾ" ಅಂತ ಕೇಳೋದಂತೂ ಬೇಡವೇ ಬೇಡ. ಊಹೆಯ ನಂಬರನ್ನು ಬಾಕ್ಸ್ ಮೇಲೆ ಬರೆದರೆ ಇನ್ನೊಂದು ತೊಡಕಿದೆ: ಡೆಲಿವರಿ ಓಟಿಪಿ ಯಾರೋ ಅಪರಿಚಿತರ ಫೋನಿಗೆ ಹೋಗುತ್ತೆ.

ನಾನು ಹುಡುಕಿದ್ದು ನನ್ನ ಹತ್ತಿರವೇ ಇದ್ದ ದಾಖಲೆಯಲ್ಲಿ. ಆ ಅಕ್ಕನಿಗೆ ಹಿಂದಿನ ವರ್ಷವೂ ಹಣ್ಣು ಹೋಗಿತ್ತು. ಫೋನಿನ ಹುಡುಕಾಟ ಅಂಕಿಗಳನ್ನು ಸಾಲಾಗಿಯೇ ನೋಡೋದರಿಂದ ಒಂಬತ್ತನ್ನೂ ಒಟ್ಟಿಗೆ ಹಾಕಿದರೆ ಏನೂ ಸಿಗಲ್ಲ. ಅನುಮಾನ ಇಲ್ಲದ ಮೊದಲ ಐದನ್ನು ಮಾತ್ರ ಹಾಕಬೇಕು. ಕರೆಪಟ್ಟಿಯಲ್ಲಿ ಅಷ್ಟು ಹಳೇದು ಉಳಿದಿರಲಿಲ್ಲ. ವಾಟ್ಸಾಪ್ ಹುಡುಕಾಟದಲ್ಲಿ ಹಿಂದಿನ ವರ್ಷದ ಆರ್ಡರ್ ಮೆಸೇಜು ಸಿಕ್ಕಿತು, ಕೊನೆಗೆ 27775. ಬಾಕ್ಸ್ ರಸೀದಿಯ ಕಾರ್ಬನ್ ಪ್ರತಿಯಲ್ಲೂ ಅದೇ ಇತ್ತು.

ಅಷ್ಟಕ್ಕೇ ಬರೆದುಬಿಡೋ ಹಾಗಿಲ್ಲ. ನಿಂತುಹೋದ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು, ಇದೋ ವರ್ಷ ಹಳೇದು. ಫೋನ್ ಮಾಡಿ, "ಶ್ರೀನಿವಾಸಪುರದಿಂದ ಮಾತಾಡ್ತಿದ್ದೀನಿ, ಹಣ್ಣಿನ ಪಾರ್ಸೆಲ್ ವಿಷಯ. ನಿಮಗೆ ಯಾರು ಕಳಿಸ್ತಾರೆ ಅಂತ ಹೇಳ್ತೀರಾ?" ಅಂದೆ. ನಾನಾಗಿ ಹೆಸರು, ವಿಳಾಸ ಹೇಳಲಿಲ್ಲ. ಹೇಳಿದರೆ ಯಾರು ಬೇಕಾದರೂ "ಹೂಂ" ಅನ್ನಬಹುದು. ಆಕೆ ತಮ್ಮನ ಹೆಸರನ್ನೂ ಅವನು ಊರಲ್ಲಿಲ್ಲ ಅನ್ನೋದನ್ನೂ ತಾವೇ ಹೇಳಿದರು. ಆಮೇಲೇ ಮಾರ್ಕರ್ ತೆಗೆದಿದ್ದು.

ಹಳೇ ಮೆಸೇಜು ಸಿಗದೇ ಹೋಗಿದ್ದರೆ ಬಾಕ್ಸನ್ನು ಮರುದಿನಕ್ಕೆ ಇಟ್ಟುಕೊಳ್ತಿದ್ದೆ. ಬಲಿತ ಕಾಯಿಯನ್ನೇ ಹುಲ್ಲಿನಲ್ಲಿ ಹಾಕಿ ಕಟ್ಟೋದರಿಂದ ಒಂದು ದಿನ ತಡವಾದರೆ ಏನೂ ಕೆಡಲ್ಲ, ದುಬೈ ವಿಮಾನವೂ ಅಷ್ಟರಲ್ಲಿ ಇಳಿದಿರುತ್ತೆ. ಈಗ ಹೊಸ ಗಿರಾಕಿಗಳಿಗೆ ನಂಬರ್ ಟೈಪ್ ಮಾಡಬೇಡಿ, ಕಾಂಟ್ಯಾಕ್ಟನ್ನೇ ಕಳಿಸಿ ಅಂತೀನಿ. ಅದರಲ್ಲಿ ಅಂಕಿ ಬಿಟ್ಟುಹೋಗಲ್ಲ, ಆದರೆ ಒಂದೇ ಹೆಸರಿನ ಕೆಳಗೆ ಹಳೇದು ಹೊಸದು ಎರಡೂ ಬಂದು ಕೂರುತ್ತೆ. ಯಾವುದು ಚಾಲ್ತಿಯಲ್ಲಿದೆ ಅಂತ ಮತ್ತೆ ಕೇಳಲೇಬೇಕು.