ರಮ್ಮಿ ಆ್ಯಪ್ ನಿಮ್ಮಿಂದ ಮುರಿದುಕೊಂಡದ್ದೆಷ್ಟು? ಲೆಕ್ಕ ಹೀಗೆ ಹಾಕಿ

ರಮ್ಮಿ ಆ್ಯಪಿನಲ್ಲಿ ಕಳೆದುಕೊಂಡ ದುಡ್ಡಿನ ಲೆಕ್ಕಕ್ಕೆ ಕೂತವರನ್ನು ಮಂಡ್ಯದಲ್ಲಿ ಬೇಕಾದಷ್ಟು ನೋಡಿದ್ದೇನೆ. ಹೆಚ್ಚಿನವರು ಪೂರಾ ತಪ್ಪನ್ನು ಎಲೆಯ ಮೇಲೆ ಹಾಕುತ್ತಾರೆ. ಪ್ರತಿ ಆಟದಲ್ಲೂ ಆ್ಯಪ್ ಕತ್ತರಿಸಿಕೊಳ್ಳುವ ಕಮಿಷನ್, ಅಂದರೆ ರೇಕ್, ಅವರ ಕಣ್ಣಿಗೇ ಬೀಳುವುದಿಲ್ಲ.

ಮೊದಲು ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು, ಆ್ಯಪಿಗೆ ಹೋದದ್ದು, ವಾಪಸ್ ಬಂದದ್ದು ಬೇರೆ ಬೇರೆ ಕೂಡಿಸಿ. ಆ್ಯಪ್ ತೋರಿಸುವ ಮೊತ್ತ ಬೇಡ. ಅದರಲ್ಲಿ ಬೋನಸ್ ಬೆರೆತಿರುತ್ತದೆ, ಬೋನಸ್ ದುಡ್ಡಲ್ಲ.

ಇನ್ನು ರೇಕ್ ಹುಡುಕುವುದು. ಇಲ್ಲೇ ಎಲ್ಲರೂ ಎಡವುವುದು. ಎಂಟ್ರಿ ಫೀಸಿನ ಟೇಬಲ್ ಆದರೆ ಸುಲಭ: ಇಬ್ಬರು ತಲಾ 100 ರೂಪಾಯಿ ಹಾಕಿದರೆ 200, ಗೆದ್ದವನ ಖಾತೆಗೆ 180 ಬಂದರೆ ರೇಕ್ 20. ಅಂದರೆ 10%. ಕೆಲವು ಕಡೆ 15% ಕೂಡ ಇತ್ತು. ಪಾಯಿಂಟ್ಸ್ ರಮ್ಮಿಯಲ್ಲಿ ಇದು ಅಡಗಿರುತ್ತದೆ. ಪಾಯಿಂಟಿಗೆ 1 ರೂಪಾಯಿ, ಎದುರಿನವನು 40 ಪಾಯಿಂಟ್ ಸೋತ ಅಂದುಕೊಳ್ಳಿ. ಅವನ ಕೈಯಿಂದ ಪೂರ್ತಿ 40 ಹೋಯಿತು, ನಿಮಗೆ ಬಂದದ್ದು 36. ಸೋತವನ ಹಿಸ್ಟರಿಯಲ್ಲಿ ಆ 4 ರೂಪಾಯಿಯ ಸುಳಿವೇ ಇಲ್ಲ. ಹಾಗಾಗಿ ನೀವು ಗೆದ್ದ ಆಟಗಳನ್ನೇ ನೋಡಿ: ಎದುರಾಳಿಗಳ ಪಾಯಿಂಟ್ ಕೂಡಿಸಿ, ಪಾಯಿಂಟಿನ ಬೆಲೆಯಿಂದ ಗುಣಿಸಿ, ನಿಮಗೆ ಬಂದದ್ದನ್ನು ಕಳೆಯಿರಿ.

ಈಗ 100 ರೂಪಾಯಿ ಟೇಬಲ್‌ನಲ್ಲಿ ಸಮಾನ ಆಟಗಾರರಿಬ್ಬರು 100 ಆಟ ಆಡಿ, ತಲಾ 50 ಗೆದ್ದರು ಅನ್ನೋಣ. ಪ್ರತಿಯೊಬ್ಬನೂ ಹಾಕಿದ್ದು 10,000, ಬಂದದ್ದು 9,000. ಇಬ್ಬರೂ ಸೋತರು! ಅಸಲು ಉಳಿಯಬೇಕಾದರೂ 56 ಆಟ ಗೆಲ್ಲಬೇಕು.

‘ರಮ್ಮಿ ಕೌಶಲದ ಆಟ, ಕಾನೂನುಬದ್ಧ’ ಎಂಬ ಜಾಹೀರಾತು ನೆನಪಿದೆ ಅಲ್ವಾ? ಅದರ ಬೇರು 1968ರ ಸುಪ್ರೀಂ ಕೋರ್ಟ್ ತೀರ್ಪು. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಬಿಡಬೇಕು ಅಂತ ಯೋಚಿಸಬೇಕು, ಆದ್ದರಿಂದ ರಮ್ಮಿ ಹೆಚ್ಚಾಗಿ ಕೌಶಲದ್ದು ಎಂದಿತು. ತೀನ್ ಪತ್ತಿಯಂಥ ಮೂರೆಲೆಯ ಆಟವನ್ನು ಅದೃಷ್ಟದ ಕಡೆಗೇ ಸೇರಿಸಿತು. ಎಲೆಗೆ, ಜಾಗಕ್ಕೆ ಕ್ಲಬ್ ಸಣ್ಣ ಶುಲ್ಕ ತೆಗೆದುಕೊಂಡರೆ ತಪ್ಪಿಲ್ಲ, ಆದರೆ ಪಣದ ಆಟದಿಂದಲೇ ಲಾಭ ಮಾಡಿಕೊಂಡರೆ ಅಪರಾಧ ಆಗಬಹುದು ಅಂತಲೂ ಹೇಳಿತ್ತು. ಜಾಹೀರಾತಿನವರು ಆ ಭಾಗ ಓದಲಿಲ್ಲ.

ಕರ್ನಾಟಕ 2021ರಲ್ಲಿ ಆನ್‌ಲೈನ್ ಪಣದ ಆಟ ನಿಷೇಧಿಸಿತು. ಕೌಶಲದ ವಾದ ಒಪ್ಪಿ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ನಿಷೇಧವನ್ನು ರದ್ದುಮಾಡಿತು. 2025ರ ಕೇಂದ್ರ ಕಾಯ್ದೆ ಕೌಶಲವೋ ಅದೃಷ್ಟವೋ ಎಂದು ಕೇಳುವುದೇ ಇಲ್ಲ, ದುಡ್ಡಿನ ಆನ್‌ಲೈನ್ ಆಟ ನಡೆಸುವುದೇ ಅಪರಾಧ. ಆಡಿದವರಿಗೆ ಅದರಲ್ಲಿ ಶಿಕ್ಷೆಯಿಲ್ಲ.

ಟೆಲಿಗ್ರಾಂನಲ್ಲಿ ಬರುವ ಎಪಿಕೆ ಲಿಂಕ್ ಮಾತ್ರ ಮುಟ್ಟಲೇಬೇಡಿ. ಅಲ್ಲಿ ರೇಕ್ ಎಷ್ಟೆಂದು ಹೇಳುವವರಿಲ್ಲ, ದುಡ್ಡು ಸಿಕ್ಕಿಹಾಕಿಕೊಂಡರೆ ಕೇಳಲು ವಿಳಾಸವೂ ಇಲ್ಲ. ಹಳೆ ಖಾತೆಯಲ್ಲಿ ಬಾಕಿ ಇದ್ದರೆ ಬ್ಯಾಂಕಿಗೆ ತೆಗೆದುಕೊಳ್ಳಿ. 30% ಟಿಡಿಎಸ್ ಆ ಆರ್ಥಿಕ ವರ್ಷದ ನಿವ್ವಳ ಗೆಲುವಿನ ಮೇಲೆ ಮಾತ್ರ. ಒಟ್ಟಾರೆ ಸೋತಿದ್ದೂ ಕಡಿತವಾಗಿದ್ದರೆ, ನಿಮ್ಮ ಲೆಕ್ಕದ ಹಾಳೆ ಇಟ್ಟುಕೊಂಡೇ ಆ್ಯಪಿನವರನ್ನು ಕೇಳಿ.