‘ಹ್ಯಾವ್ ಸೆಂಟ್ ಯೆಸ್ಟರ್‌ಡೇ’ ತಪ್ಪನ್ನು ತಿದ್ದಿಕೊಳ್ಳುವುದು ಹೇಗೆ?

ಕಚೇರಿಯ ಮೇಲ್, ರಜೆ ಅರ್ಜಿ, ಬಯೋಡೇಟಾ, ಎಲ್ಲಿ ನೋಡಿದರೂ ಈ ವಾಕ್ಯ ಸಿಗುತ್ತದೆ: ‘ಐ ಹ್ಯಾವ್ ಸೆಂಟ್ ದ ಡಾಕ್ಯುಮೆಂಟ್ಸ್ ಯೆಸ್ಟರ್‌ಡೇ’. ಅದರ ಹಿಂದಿರುವುದು ‘ದಾಖಲೆಗಳನ್ನು ನಿನ್ನೆಯೇ ಕಳಿಸಿದ್ದೇನೆ’ ಎಂಬ ಸರಿಯಾದ ಕನ್ನಡ. ನಮ್ಮ ‘ಕಳಿಸಿದ್ದೇನೆ’ ನಿನ್ನೆ, ಮೊನ್ನೆ, ಹೋದ ವರ್ಷ ಎಲ್ಲದರ ಜೊತೆಗೂ ಹೊಂದಿಕೊಳ್ಳುತ್ತದೆ. ಇಂಗ್ಲಿಷಿನ ‘ಹ್ಯಾವ್ ಸೆಂಟ್’ ಹಾಗಲ್ಲ. ಮುಗಿದುಹೋದ ಸಮಯವನ್ನು ಹೇಳಿದ ಕೂಡಲೇ ಅಲ್ಲಿ ‘ಸೆಂಟ್’ ಮಾತ್ರ ಬರಬೇಕು.

‘ಮಾಡಿದೆ’ ಎಂದರೆ ‘ಡಿಡ್’, ‘ಮಾಡಿದ್ದೇನೆ’ ಎಂದರೆ ‘ಹ್ಯಾವ್ ಡನ್’ ಎಂದು ಎದುರುಬದುರು ಬರೆದ ಕೋಷ್ಟಕ ಕೊಡುವ ‘ಮೂವತ್ತು ದಿನಗಳಲ್ಲಿ ಇಂಗ್ಲಿಷ್’ ಮಾದರಿಯ ಪುಸ್ತಕಗಳನ್ನು ಈ ವಿಷಯಕ್ಕೆ ಬಳಸಲೇಬೇಡಿ. ಈ ತಪ್ಪು ಬೇರೂರುವುದೇ ಆ ಕೋಷ್ಟಕವನ್ನು ಬಾಯಿಪಾಠ ಮಾಡಿದ ಮೇಲೆ.

ಮೊದಲ ಹಂತ ಸುಲಭ. ವಾಕ್ಯದಲ್ಲಿ ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019 ಇವುಗಳಲ್ಲಿ ಯಾವುದಾದರೂ ಇದ್ದರೆ ‘ಹ್ಯಾವ್’ ತೆಗೆದುಹಾಕಿ. ಬಯೋಡೇಟಾದ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಡಿಗ್ರಿ ಇನ್ 2019’ ಆಗ ‘ಐ ಕಂಪ್ಲೀಟೆಡ್’ ಆಗುತ್ತದೆ. ‘ವೆನ್’ ಎಂದು ಆರಂಭವಾಗಿ, ನಡೆದದ್ದು ಯಾವಾಗ ಎಂದು ಕೇಳುವ ಪ್ರಶ್ನೆಗೂ ಇದೇ ನಿಯಮ: ‘ವೆನ್ ಹ್ಯಾವ್ ಯೂ ಕಮ್’ ಅಲ್ಲ, ‘ವೆನ್ ಡಿಡ್ ಯೂ ಕಮ್’.

ಎಡವುವುದು ಎರಡನೇ ಹಂತದಲ್ಲಿ. ಸಮಯದ ಪದ ವಾಕ್ಯದಲ್ಲಿ ಕಾಣಿಸದಿದ್ದರೂ ಹಿಂದಿನ ವಾಕ್ಯದಿಂದ ಮುಂದುವರಿದು ಬಂದಿರಬಹುದು. ಶಿಕ್ಷಣ ಸಾಲದ ಬಗ್ಗೆ ಬ್ಯಾಂಕಿಗೆ ಬರೆದ ಈ ಪತ್ರ ನೋಡಿ:

‘ಐ ಹ್ಯಾವ್ ಅಪ್ಲೈಡ್ ಫಾರ್ ಎ ಲೋನ್ ಆನ್ ಜೂನ್ 3. ಐ ಹ್ಯಾವ್ ಮೆಟ್ ದ ಮ್ಯಾನೇಜರ್. ಹೀ ಹ್ಯಾಸ್ ಆಸ್ಕ್‌ಡ್ ಫಾರ್ ಮೈ ಮಾರ್ಕ್ಸ್ ಕಾರ್ಡ್. ಐ ಹ್ಯಾವ್ ಸಬ್ಮಿಟೆಡ್ ಇಟ್. ಐ ಡಿಡ್ ನಾಟ್ ರಿಸೀವ್ ಎನಿ ರಿಪ್ಲೈ ಸೋ ಫಾರ್.’

ಮೊದಲ ವಾಕ್ಯದಲ್ಲಿ ತಾರೀಖಿದೆ, ಹಾಗಾಗಿ ‘ಅಪ್ಲೈಡ್’. ಎರಡರಲ್ಲಿ ತಾರೀಖಿಲ್ಲ. ಆದರೆ ಮ್ಯಾನೇಜರನ್ನು ಕಂಡದ್ದು ಅದೇ ದಿನ, ಅವರು ಅಂಕಪಟ್ಟಿ ಕೇಳಿದ್ದೂ ಆಗಲೇ. ಜೂನ್ 3 ಈ ಎರಡೂ ವಾಕ್ಯಗಳ ಮೇಲೆ ಇನ್ನೂ ನಿಂತಿರುವುದರಿಂದ ‘ಮೆಟ್’, ‘ಆಸ್ಕ್‌ಡ್’ ಸಾಕು. ನಾಲ್ಕನೆಯದು ಬೇರೆ. ಅಂಕಪಟ್ಟಿ ಯಾವತ್ತು ಕೊಟ್ಟರು ಎಂಬುದು ಇಲ್ಲಿ ಮುಖ್ಯವಲ್ಲ, ಈಗ ಅದು ಬ್ಯಾಂಕಿನ ಕೈಯಲ್ಲಿದೆ ಎಂಬುದು ಮುಖ್ಯ. ಅಲ್ಲಿ ‘ಹ್ಯಾವ್ ಸಬ್ಮಿಟೆಡ್’ ಸರಿ. ‘ದ ನೆಕ್ಸ್ಟ್ ಡೇ’ ಸೇರಿಸಿದರೆ ಮಾತ್ರ ‘ಸಬ್ಮಿಟೆಡ್’ಗೆ ಇಳಿಯಬೇಕು. ಕೊನೆಯದು ತಿರುಗುಮುರುಗಾದ ತಪ್ಪು: ‘ಸೋ ಫಾರ್’ ಇವತ್ತಿನವರೆಗೂ ಬರುವ ಅವಧಿ, ಆದ್ದರಿಂದ ‘ಹ್ಯಾವ್ ನಾಟ್ ರಿಸೀವ್ಡ್’.

ಹೀಗಾಗಿ ಪತ್ರ ಬರೆದಾದ ಮೇಲೆ ಪ್ರತಿ ‘ಹ್ಯಾವ್’ ಮುಂದೆ ನಿಂತು ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ಆಗ ನಡೆದದ್ದನ್ನೋ, ಈಗಿನ ಸ್ಥಿತಿಯನ್ನೋ? ಆಗ ನಡೆದದ್ದಾದರೆ ‘ಹ್ಯಾವ್’ ಹೋಗಲಿ.

ಸಮಯ ವ್ಯಕ್ತಿಯ ಬದುಕಿನಲ್ಲೂ ಅಡಗಿರುತ್ತದೆ. ‘ಕುವೆಂಪು ನಾಟಕಗಳನ್ನೂ ಬರೆದಿದ್ದಾರೆ’ ಎಂಬುದು ಕನ್ನಡದಲ್ಲಿ ಸಹಜ. ಇಂಗ್ಲಿಷಿನಲ್ಲಿ ‘ಕುವೆಂಪು ಆಲ್ಸೋ ರೋಟ್ ಪ್ಲೇಸ್’ ಎನ್ನಬೇಕು, ಏಕೆಂದರೆ ಅವರು 1994ರಲ್ಲಿ ತೀರಿಕೊಂಡರು, ಬರೆಯುವ ಅವಧಿ ಮುಗಿದಿದೆ. ಈಗಲೂ ಬರೆಯುತ್ತಿರುವ ಲೇಖಕರಿಗೆ ‘ಹ್ಯಾಸ್ ರಿಟನ್’ ಸರಿಹೋಗುತ್ತದೆ.

ಇನ್ನೂ ಅನುಮಾನವಿದ್ದರೆ ಕನ್ನಡದ ವಾಕ್ಯವನ್ನು ‘ಇಲ್ಲ’ ಹಾಕಿ ತಿರುಗಿಸಿ. ‘ಕಳಿಸಲಿಲ್ಲ’ ಎಂದು ಬಂದರೆ ‘ಡಿಡ್ ನಾಟ್’ ಕಡೆಯದು, ‘ಕಳಿಸಿಲ್ಲ’ ಎಂದು ಬಂದರೆ ‘ಹ್ಯಾವ್ ನಾಟ್’ ಕಡೆಯದು. ಹೌದು ಎನ್ನುವಾಗ ಕಲಸಿಹೋಗುವ ವ್ಯತ್ಯಾಸವನ್ನು ಕನ್ನಡ ಇಲ್ಲ ಎನ್ನುವಾಗ ಹೆಚ್ಚು ಬಿಗಿಯಾಗಿ ಕಾಪಾಡುತ್ತದೆ. ಆದರೂ ಮಾತಿನಲ್ಲಿ ‘ನಿನ್ನೆ ಬಂದಿಲ್ಲ’ ಎನ್ನುವವರಿದ್ದಾರೆ, ಆದ್ದರಿಂದ ಮೊದಲ ಎರಡು ಹಂತ ಬಿಟ್ಟು ಇದೊಂದನ್ನೇ ನಂಬಬೇಡಿ.

‘ಹ್ಯಾವ್’ ತಪ್ಪೆಂದು ಹೇಳಿದ ಕೂಡಲೇ ಹಲವರು ‘ಹ್ಯಾಡ್’ಗೆ ಹಾರುತ್ತಾರೆ: ‘ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ’. ಇದೂ ‘ಹೋಗಿದ್ದೆ’ಯ ನೇರ ನೆರಳು. ಹೋಗಿ ಬಂದದ್ದನ್ನಷ್ಟೇ ಹೇಳುವುದಾದರೆ ‘ವೆಂಟ್’ ಬರೆಯಿರಿ. ‘ಹ್ಯಾಡ್ ಗಾನ್’ ಬೇಕಾಗುವುದು ಆಮೇಲೆ ನಡೆದ ಇನ್ನೊಂದು ಸಂಗತಿ ಜೊತೆಗಿದ್ದಾಗ: ನೀವು ಮನೆಗೆ ಬರುವಷ್ಟರಲ್ಲಿ ನಾನು ಹೊರಟುಹೋಗಿದ್ದೆ ಎನ್ನುವಂಥ ಕಡೆ.